ಉತ್ತರವನ್ನು ಎಲ್ಲಿ ಕತ್ತರಿಸಬೇಕು?

ತೊಗರಿ ಹೂವಿಗೆ ಬರುವ ಹೊತ್ತಿಗೆ ಕಲಬುರಗಿ ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಕಾಯಿಕೊರಕದ ವಿಡಿಯೊಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ಹಲವು ಒಂದೂವರೆ, ಎರಡು ತಾಸಿನ ವೆಬಿನಾರ್‌ನಿಂದ ಕತ್ತರಿಸಿ ತೆಗೆದವು. ತುಣುಕು ಒಮ್ಮೆ ಫಾರ್ವರ್ಡ್ ಆಯಿತೆಂದರೆ ಅದರ ಹಿಂದುಮುಂದಿನ ಮಾತು ಯಾರಿಗೂ ಸಿಗುವುದಿಲ್ಲ. ನೋಡುವವರ ಪಾಲಿಗೆ ಆ ಎಪ್ಪತ್ತು ಸೆಕೆಂಡೇ ಪೂರ್ತಿ ಸಲಹೆ. ಆದ್ದರಿಂದ ಕತ್ತರಿ ಹಾಕುವುದಕ್ಕಿಂತ ಎಲ್ಲಿ ಹಾಕಬೇಕೆಂದು ಗೊತ್ತುಮಾಡಿಕೊಳ್ಳುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ.

ಉಪನ್ಯಾಸದ ಭಾಗಕ್ಕಿಂತ ಪ್ರಶ್ನೋತ್ತರದಲ್ಲಿ ಒಳ್ಳೆಯ ತುಣುಕುಗಳು ಸಿಗುತ್ತವೆ. ಸ್ಲೈಡ್ ಹಿಡಿದು ಮಾತಾಡುವ ತಜ್ಞರು ‘ಇಲ್ಲಿ ನೋಡಿ’, ‘ಹಿಂದಿನ ಪಟ್ಟಿಯಲ್ಲಿದ್ದಂತೆ’ ಎನ್ನುತ್ತ ಸಾಗುತ್ತಾರೆ. ಅದನ್ನು ಬಿಡಿಸಿ ತೆಗೆದರೆ ಅರ್ಥ ನಿಲ್ಲುವುದಿಲ್ಲ. ರೈತರೊಬ್ಬರು ಕೇಳಿದಾಗ ಮಾತ್ರ ಒಂದು ವಿಷಯವನ್ನು ಮೊದಲಿನಿಂದ ಹೇಳುತ್ತಾರೆ.

ಮೊದಲ ಸುತ್ತಿನಲ್ಲಿ ಏನನ್ನೂ ಕತ್ತರಿಸಬೇಡಿ. ಒಂದೂವರೆ ಪಟ್ಟು ವೇಗದಲ್ಲಿ ಪೂರ್ತಿ ಕೇಳಿ, ಹಾಳೆಯಲ್ಲಿ ನಾಲ್ಕು ಸಂಗತಿ ಬರೆಯುತ್ತ ಹೋಗಿ: ಶುರುವಾದ ಸಮಯ, ಮುಗಿದ ಸಮಯ, ಒಂದು ಸಾಲಿನಲ್ಲಿ ವಿಷಯ, ಮದ್ದಿನ ಹೆಸರು ಅಥವಾ ಪ್ರಮಾಣ ಬಂತೇ ಎಂಬುದು. ನಾಲ್ಕನೆಯದು ಯಾಕೆ ಎನ್ನುವುದು ಕೆಳಗಿನ ಉದಾಹರಣೆಯಲ್ಲಿ ತಿಳಿಯುತ್ತದೆ.

ಒಂದು ತಾಸು 40 ನಿಮಿಷದ ತೊಗರಿ ವೆಬಿನಾರ್ ಎಂದಿಟ್ಟುಕೊಳ್ಳಿ. 47:12ಕ್ಕೆ ಸೇಡಂ ಕಡೆಯ ರೈತರೊಬ್ಬರ ಪ್ರಶ್ನೆ: “ಸರ, ನಮ್ಮ ತೊಗರಿ ಹೂವಿಗಿ ಬಂದದ, ಹುಳ ಬಿದ್ದಾವ. ಈಗೇ ಎಣ್ಣಿ ಹೊಡಿಬೇಕೇನ್ರಿ?” ನೆಟ್‌ವರ್ಕ್ ಕಡಿದು ಕಡಿದು ಬರುವುದರಿಂದ ಇಷ್ಟು ಕೇಳಲು 40 ಸೆಕೆಂಡು. 47:52ಕ್ಕೆ ತಜ್ಞರು ಬಾಯಿ ತೆರೆಯುತ್ತಾರೆ, ಆದರೆ ಮೊದಲ 13 ಸೆಕೆಂಡು ‘ಒಳ್ಳೆ ಪ್ರಶ್ನೆ, ಆಗಲೇ ಹೇಳಿದೆ’ ಎಂಬುದಕ್ಕೇ ಹೋಗುತ್ತದೆ. 48:05ರಿಂದ 49:21ರವರೆಗೆ ನಿಜವಾದ ಉತ್ತರ: ಹೊಲದ ಬೇರೆ ಬೇರೆ ಕಡೆ ಕೆಲವು ಗಿಡ ಆರಿಸಿ, ಕೆಳಗೆ ಬಟ್ಟೆ ಹಾಸಿ, ಗಿಡ ಅಲುಗಾಡಿಸಿ ಬಿದ್ದ ಹುಳ ಎಣಿಸಬೇಕು, ಆಮೇಲೆ ಹೊಡೆಯುವ ಮಾತು. ಬಳಿಕ ಮಾತು ಗೊಡ್ಡು ರೋಗದತ್ತ ಹೊರಳುತ್ತದೆ. 50:35ಕ್ಕೆ ಮತ್ತೆ ಕಾಯಿಕೊರಕಕ್ಕೆ ಬಂದು, ಎರಡನೇ ಸಿಂಪಡಣೆಯ ಬಗ್ಗೆ 51:50ರವರೆಗೆ ಹೇಳುತ್ತಾರೆ.

ಇದರಲ್ಲಿ ಎರಡು ತುಣುಕುಗಳಿವೆ: ಹುಳ ಎಣಿಸುವುದು, ಎರಡನೇ ಸಿಂಪಡಣೆ. ನಡುವಿನ ಗೊಡ್ಡು ರೋಗವನ್ನು ತೆಗೆದು ಎರಡನ್ನೂ ಅಂಟಿಸಿ ಒಂದೇ ತುಣುಕು ಮಾಡುವ ಆಸೆ ಬರುತ್ತದೆ. ಬೇಡ. ಎಣಿಸಿದ ಮೇಲಿನ ನಿರ್ಧಾರಕ್ಕೂ ಎರಡನೇ ಸಲದ ಮಾತಿಗೂ ನಡುವೆ ಇಲ್ಲದ ನಂಟು ಬೆಳೆಯುತ್ತದೆ. ತಜ್ಞರು ಹಾಗೆ ಹೇಳಿರಲೇ ಇಲ್ಲ.

ರೈತರ ಪ್ರಶ್ನೆಯ ಧ್ವನಿಯನ್ನೂ ಬಿಡಬಹುದು. ಅದನ್ನು ಒಂದು ಸಾಲು ಮಾಡಿ ಮೊದಲ ಐದು ಸೆಕೆಂಡು ಪರದೆಯ ಮೇಲೆ ತೋರಿಸಿ: ‘ತೊಗರಿ ಹೂವಿನಲ್ಲಿದ್ದಾಗ ಹುಳ ಎಣಿಸುವುದು ಹೇಗೆ?’ ಪ್ರಶ್ನೆಗೆಂದು ಬೇರೆ ಫಲಕ ಹಾಕಿ ಕಾಯಿಸುವುದಕ್ಕಿಂತ, ತಜ್ಞರು ಮಾತಾಡುತ್ತಿರುವಾಗಲೇ ಮೇಲ್ಭಾಗದಲ್ಲಿ ಪಟ್ಟಿಯಂತೆ ಬಂದರೆ ಚೆನ್ನ.

ಈಗ ಕೊನೆಯ ತುದಿ. ಹೆಚ್ಚಿನ ಅನಾಹುತ ಆಗುವುದು ಇಲ್ಲೇ. ಕನ್ನಡದಲ್ಲಿ ಹೌದು–ಅಲ್ಲ ತೀರ್ಮಾನವಾಗುವುದು ವಾಕ್ಯದ ಕಟ್ಟಕಡೆಯಲ್ಲಿ. ‘ಹತ್ತು ದಿನಕ್ಕೆ ಮತ್ತೊಮ್ಮೆ ಹೊಡೀಲೇಬೇಕು ಅಂತೇನಿಲ್ಲ’ ಎಂಬ ಮಾತನ್ನು ಒಂದು ಸೆಕೆಂಡು ಮೊದಲು ಕಡಿದರೆ ‘ಹೊಡೀಲೇಬೇಕು’ ಎಂದು ನಿಲ್ಲುತ್ತದೆ. ‘ಮೂರು ಮದ್ದು ಕೂಡಿಸಿದರೆ ಜೋರಾಗ್ತದ ಅಂತಾರ, ಅದು ತಪ್ಪು’ ಎನ್ನುವಲ್ಲಿ ‘ಅಂತಾರ’ದ ನಂತರ ಅರ್ಧ ಸೆಕೆಂಡಿನ ಉಸಿರು ಇರುತ್ತದೆ. ಧ್ವನಿಯ ಅಲೆಯನ್ನು ಮಾತ್ರ ನೋಡಿ ಕತ್ತರಿಸುವವರಿಗೆ ಆ ಜಾಗ ವಾಕ್ಯ ಮುಗಿದಂತೆಯೇ ಕಾಣುತ್ತದೆ. ಹಾಗಾಗಿ ಅಂತ್ಯ ಗುರುತಿಸುವಾಗ ಮುಂದಿನ ಎರಡು ವಾಕ್ಯಗಳನ್ನೂ ಕೇಳಲೇಬೇಕು. ‘ಆದರೆ’, ‘ಒಂದು ಮಾತು’, ‘ಮಳೆ ಇದ್ದರೆ ಮಾತ್ರ’ ಎಂದು ಶುರುವಾದರೆ ಅದೂ ತುಣುಕಿನೊಳಗೆ ಬರಬೇಕು, ಇಪ್ಪತ್ತು ಸೆಕೆಂಡು ಉದ್ದವಾದರೂ ಸರಿ.

ಇನ್ನು ಹಾಳೆಯ ನಾಲ್ಕನೇ ಕಾಲಂ. ಎರಡನೇ ಸಿಂಪಡಣೆಯ ತುಣುಕಿನಲ್ಲಿ ಮದ್ದಿನ ಪ್ರಮಾಣ ಬಂದಿದೆ. ಹಾಳೆ ತಿರುವಿದರೆ ಅದೇ ಮದ್ದಿನ ಹೆಸರು 1:18:40ಕ್ಕೆ ಇನ್ನೊಮ್ಮೆ ಸಿಗುತ್ತದೆ. ಅಲ್ಲಿ ತಜ್ಞರು ‘ಆಗ ಸ್ಲೈಡಿನಲ್ಲಿ ತಪ್ಪಾಗಿದೆ, ಅದು ಒಂದು ಲೀಟರಿಗಲ್ಲ, ಒಂದು ಎಕರೆಗೆ’ ಎಂದು ತಿದ್ದಿರುತ್ತಾರೆ. ಪೂರ್ತಿ ನೋಡಿದವರಿಗೆ ತಿದ್ದುಪಡಿ ಸಿಕ್ಕಿತು; ತುಣುಕು ನೋಡುವವರಿಗೆ ಸಿಗದು. ಇಂಥದ್ದಕ್ಕೆ ತಿದ್ದಿದ ಅಂಕಿಯನ್ನು ನಾವೇ ಪರದೆಯ ಮೇಲೆ ಬರೆದು ಮುಗಿಸುವುದು ಸರಿಯಲ್ಲ, ಕಿವಿಗೆ ಬೀಳುವುದು ಇನ್ನೂ ಹಳೆಯ ಅಂಕಿಯೇ. ಆ ತುಣುಕು ಬಿಡಿ, ಇಲ್ಲವೇ ತಜ್ಞರಿಂದ ಆ ಭಾಗವನ್ನು ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ.

ಕತ್ತರಿಸಲು ಯಾವ ಎಡಿಟರ್ ಆದರೂ ಆದೀತು. ಹತ್ತಾರು ತುಣುಕು ಇದ್ದಾಗ, ಆದೇಶದ ಸಾಲು ಬರೆದು ನಡೆಸುವ `ffmpeg` ಬೇಗ ಮುಗಿಸುತ್ತದೆ. ಮೊದಲ ತುಣುಕು ಹೀಗೆ:

```
ffmpeg -ss 00:48:04.7 -t 77 -i webinar.mp4 -i q1.png \
 -filter_complex "overlay=0:0:enable='lt(t,5)'" \
 -af "loudnorm=I=-16:TP=-1.5" -ar 48000 \
 -c:v libx264 -crf 22 -pix_fmt yuv420p \
 -c:a aac -b:a 96k -movflags +faststart togari1.mp4
```

ಮಾತಿಗೆ ಮುಂಚೆ 0.3 ಸೆಕೆಂಡು, ಮುಗಿದ ಮೇಲೆ 0.7 ಸೆಕೆಂಡು ಬಿಟ್ಟಿದ್ದೇವೆ. ಹಾಗೆ ಬಿಡದಿದ್ದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಮರು-ಎನ್‌ಕೋಡ್ ತಪ್ಪಿಸಲು ಅನೇಕರು `-c copy` ಬಳಸುತ್ತಾರೆ. ಅದು ಕ್ಷಣದಲ್ಲಿ ಮುಗಿಯುತ್ತದೆ, ನಿಜ. ಆದರೆ ಆಗ ವಿಡಿಯೊ ಕೀಫ್ರೇಮ್, ಅಂದರೆ ಪೂರ್ತಿ ಚಿತ್ರ ಉಳಿಸಿಟ್ಟ ಫ್ರೇಮ್, ಇದ್ದಲ್ಲಿಂದ ಮಾತ್ರ ಶುರುವಾಗಬಲ್ಲದು, ಮತ್ತು ವೆಬಿನಾರ್ ರೆಕಾರ್ಡಿಂಗ್‌ನಲ್ಲಿ ಕೀಫ್ರೇಮ್‌ಗಳು ಹಲವು ಸೆಕೆಂಡಿಗೊಂದರಂತೆ ಇರಬಹುದು. ಬೇಡವಾದ ಹಿಂದಿನ ಮಾತು ಒಳಬಂದರೆ, ಅಥವಾ ಶುರುವಿನಲ್ಲಿ ಚಿತ್ರ ನಿಂತು ಧ್ವನಿ ಮಾತ್ರ ಓಡಿದರೆ, ಕಾರಣ ಇದೇ. ಇನ್ನೊಂದು ಎಡವಟ್ಟು: `-ss` ಅನ್ನು `-i`ಗಿಂತ ಮೊದಲು ಇಟ್ಟು, `-i` ಆದ ಮೇಲೆ `-to 00:49:21` ಎಂದು ಬರೆಯುವುದು. ಆಗ ಗಡಿಯಾರ ಕತ್ತರಿಸಿದ ಜಾಗದಿಂದ ಸೊನ್ನೆಯಾಗಿ ಶುರುವಾಗಿರುತ್ತದೆ, ಹಾಗಾಗಿ 49 ನಿಮಿಷದ ‘ತುಣುಕು’ ಹೊರಬೀಳುತ್ತದೆ. ಅವಧಿ ಹೇಳುವ `-t` ಇದ್ದರೆ ಈ ಗೊಂದಲವಿಲ್ಲ.

`q1.png` ಎಂಬುದು ವಿಡಿಯೊದಷ್ಟೇ ಅಗಲ-ಎತ್ತರದ ಪಾರದರ್ಶಕ ಚಿತ್ರ. ಪ್ರಶ್ನೆಯ ಸಾಲು ಅದರಲ್ಲಿದೆ. `ffmpeg`ನದೇ `drawtext` ಫಿಲ್ಟರ್ ಬಳಸಿ ಕನ್ನಡ ಬರೆಯಬಹುದಲ್ಲ ಎನ್ನಬಹುದು. ಹಳೆಯ ಆವೃತ್ತಿಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತದೆ, ಅದಕ್ಕೇ ಚಿತ್ರದ ದಾರಿ. `loudnorm` ಹಾಕಿರುವುದು ಎಲ್ಲ ತುಣುಕುಗಳ ಧ್ವನಿಮಟ್ಟ ಒಂದೇ ಇರಲೆಂದು. ಅದರ ಜೊತೆ `-ar 48000` ಮರೆಯಬೇಡಿ; ಆ ಫಿಲ್ಟರ್ ಧ್ವನಿಯ ಸ್ಯಾಂಪಲ್ ದರವನ್ನು ತಾನಾಗಿಯೇ ಮೇಲೇರಿಸಿಬಿಡುತ್ತದೆ.

ಹಂಚುವ ಮುನ್ನ ತುಣುಕನ್ನು ಫೋನಿನಲ್ಲೇ, ವೆಬಿನಾರ್ ನೋಡದ ಒಬ್ಬರಿಗೆ ತೋರಿಸಿ ‘ಏನು ಮಾಡಬೇಕು ಅಂದರು?’ ಎಂದು ಕೇಳಿ. ಹುಳ ಎಣಿಸದೆ ಹೊಡೆಯಬೇಕು ಎಂದು ಅವರು ಹೇಳಿದರೆ ಕತ್ತರಿ ತಪ್ಪು ಜಾಗದಲ್ಲಿ ಬಿದ್ದಿದೆ. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ, ಸ್ಲೈಡಿನ ಸಣ್ಣ ಅಂಕಿಗಳು ಅಳಿಸಿದಂತಾಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದಂತೆಯೇ ಹೋಗುತ್ತದೆ, ಆದರೆ ಡೌನ್‌ಲೋಡ್ ಮಾಡಿ ನೋಡುವವರು ಕಡಿಮೆ. ಅಂಕಿ ಮುಖ್ಯವಾದ ತುಣುಕಿಗೆ ಮಾತ್ರ ಡಾಕ್ಯುಮೆಂಟ್ ಸಾಕು.

ಪಕ್ಕದ ಚಿಕ್ಕ ಚೌಕಗಳಲ್ಲಿ ರೈತರ ಹೆಸರು ಇರುತ್ತದೆ, ಕೆಲವರು ಹೆಸರಿನ ಜಾಗದಲ್ಲಿ ಫೋನ್ ನಂಬರನ್ನೇ ಹಾಕಿರುತ್ತಾರೆ. ಅದನ್ನು `crop` ಮಾಡಿ ತೆಗೆಯಿರಿ ಅಥವಾ `q1.png`ನಂತೆಯೇ ಮೇಲೆ ಹೊದಿಸುವ, ಆದರೆ ಪಾರದರ್ಶಕವಲ್ಲದ ಇನ್ನೊಂದು ಪಟ್ಟಿಯಿಂದ ಪೂರ್ತಿ ಹೊತ್ತು ಮುಚ್ಚಿ. ಮೂಲೆಯಲ್ಲಿ ವೆಬಿನಾರ್ ನಡೆದ ತಿಂಗಳು, ವರ್ಷ ಬರೆಯಿರಿ. ಈ ತುಣುಕು ಮುಂದಿನ ಹಂಗಾಮಿನಲ್ಲೂ ಯಾವುದೋ ಗುಂಪಿಗೆ ಬಂದೇ ಬರುತ್ತದೆ.