ಪೇಜ್‌ಮೇಕರ್ ಮಸುಕು, ಫೋಟೋಶಾಪ್ ಚಿಕ್ಕದು: ಹೊಸ ಪರದೆಯ ಹಳೆ ತಕರಾರು

ಉಡುಪಿ, ಮಂಗಳೂರಿನ ಡಿಟಿಪಿ ಅಂಗಡಿಗಳಿಗೆ ಹೊಸ ಲ್ಯಾಪ್‌ಟಾಪ್ ಬಂದಾಗಲೆಲ್ಲ ಇದೊಂದು ತಕರಾರು ಎದ್ದೇ ಏಳುತ್ತದೆ. ಪೇಜ್‌ಮೇಕರ್ 7 ತೆರೆದರೆ ಮೆನುವಿನ ಅಕ್ಷರವೆಲ್ಲ ಮಸುಕು. ಪಕ್ಕದಲ್ಲೇ ಫೋಟೋಶಾಪ್ ಸಿಎಸ್6 ತೆರೆದರೆ ಎಲ್ಲವೂ ಸ್ಫುಟ, ಆದರೆ ಟೂಲ್‌ಗಳ ಚಿತ್ರ ಸಾಸಿವೆಯಷ್ಟು. ಪರದೆ ಒಂದೇ, ದೋಷ ಎರಡು. ಹಾಗಾಗಿ ಕೆಲವರು ಪರದೆಯನ್ನು ದೂರುತ್ತಾರೆ, ಕೆಲವರು ಗ್ರಾಫಿಕ್ಸ್ ಡ್ರೈವರನ್ನು. ತಪ್ಪು ಎರಡರದ್ದೂ ಅಲ್ಲ.

ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳಬಾರದೇ ಎಂದು ಕೇಳುವುದು ಸುಲಭ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ ಎಂದು ವರ್ಷಗಟ್ಟಲೆ ಮಾಡಿಟ್ಟ ಫೈಲುಗಳು ನುಡಿ, ಶ್ರೀಲಿಪಿಯಂಥ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿವೆ. ಕಳೆದ ವರ್ಷದ ಫೈಲು ತೆರೆದು ತಾರೀಕು ಬದಲಿಸಿ ಕೊಡುವುದೇ ಅರ್ಧ ವ್ಯಾಪಾರ. ಅದನ್ನು ಬಿಟ್ಟುಬಿಡಿ ಎನ್ನುವವರು ಆ ಗಲ್ಲಾದ ಮೇಲೆ ಕುಳಿತವರಲ್ಲ.

ಮೂಲ ಇರುವುದು ಒಂದು ಸಂಖ್ಯೆಯಲ್ಲಿ. ವಿಂಡೋಸ್ ಮೊದಲಿನಿಂದಲೂ ಪರದೆಯ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಿಡಿಯಿತು. ದೊಡ್ಡ ಅಕ್ಷರ ಬೇಕೆನ್ನುವವರಿಗೆ 120ರ ಆಯ್ಕೆ ಇತ್ತು, ಆದರೆ ಬಳಸುವವರು ಕಡಿಮೆ. ಪ್ರೋಗ್ರಾಂ ಬರೆಯುವವರು ಬಟನ್ನಿನ ಅಗಲ 75 ಪಿಕ್ಸೆಲ್, ಐಕಾನ್ 16 ಪಿಕ್ಸೆಲ್ ಎಂದು ನೇರವಾಗಿ ಬರೆದಿಟ್ಟರು. 15.6 ಇಂಚಿನ 1366×768 ಪರದೆಯಲ್ಲೂ ಇಂಚಿಗೆ ಸುಮಾರು 100 ಪಿಕ್ಸೆಲ್ಲೇ ಇದ್ದುದರಿಂದ ಲೆಕ್ಕ ತಪ್ಪಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅದೇ ಅಳತೆಯ ಪರದೆ 1920×1080 ಆದಾಗ ಇಂಚಿಗೆ 141 ಪಿಕ್ಸೆಲ್. ನಾಲ್ಕು ಮಿಲಿಮೀಟರಿಗಿಂತ ತುಸು ದೊಡ್ಡದಿದ್ದ ಐಕಾನ್ ಮೂರಕ್ಕಿಂತ ಚಿಕ್ಕದಾಯಿತು. 14 ಇಂಚಿನ 2880×1800 ಪರದೆಯಲ್ಲಿ ಅದು ಎರಡು ಮಿಲಿಮೀಟರ್ ಕೂಡ ಇರುವುದಿಲ್ಲ.

ಇದಕ್ಕೆ ಪರಿಹಾರವಾಗಿ ವಿಂಡೋಸ್ ವಿಸ್ಟಾ ಒಂದು ಉಪಾಯ ತಂದಿತು. ಇವತ್ತಿನ ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಇಂಚಿಗೆ ಇಷ್ಟು ಪಿಕ್ಸೆಲ್ ಎಂಬ ಈ ಸಂಖ್ಯೆಗೇ ಡಿಪಿಐ ಎನ್ನುವುದು. ಪ್ರತಿ ಪ್ರೋಗ್ರಾಂ ತನಗೆ ಡಿಪಿಐ ಲೆಕ್ಕ ಗೊತ್ತಿದೆಯೋ ಇಲ್ಲವೋ ಎಂದು ಮೊದಲೇ ಘೋಷಿಸಬೇಕು. ಗೊತ್ತಿದೆ ಎಂದರೆ ವಿಂಡೋಸ್ ಅದರ ತಂಟೆಗೆ ಹೋಗುವುದಿಲ್ಲ. ಏನೂ ಹೇಳದಿದ್ದರೆ ಗೊತ್ತಿಲ್ಲವೆಂದೇ ಅರ್ಥ. ಅಂಥ ಪ್ರೋಗ್ರಾಮಿಗೆ ಇದು 96ರ ಪರದೆ ಎಂದು ವಿಂಡೋಸ್ ಸುಳ್ಳು ಹೇಳುತ್ತದೆ, ಅದು ಬಿಡಿಸಿದ ಇಡೀ ಕಿಟಕಿಯನ್ನು ಒಂದು ಫೋಟೋದಂತೆ ಹಿಗ್ಗಿಸಿ ತೋರಿಸುತ್ತದೆ.

ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ವಿಸ್ಟಾ ಜನರ ಕೈಗೆ ಬಂದದ್ದು 2007ರಲ್ಲಿ. ಇಲ್ಲದ ನಿಯಮಕ್ಕೆ ಮೊದಲೇ ಘೋಷಣೆ ಬರೆದಿಡುವುದು ಯಾರಿಂದಲೂ ಆಗದು. ಹಾಗಾಗಿ ಅದು ಹಿಗ್ಗುತ್ತದೆ. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸ್ಕೇಲ್ 150% ಇದ್ದರೆ ಒಂದು ಪಿಕ್ಸೆಲ್ ಒಂದೂವರೆ ಪಿಕ್ಸೆಲ್‌ನ ಜಾಗದಲ್ಲಿ ಹರಡಬೇಕು. ಅರ್ಧ ಪಿಕ್ಸೆಲ್ ಎಂಬುದು ಪರದೆಯಲ್ಲಿಲ್ಲ, ಆದ್ದರಿಂದ ಅಂಚಿನ ಕಪ್ಪು ಬೂದು ಆಗುತ್ತದೆ. ಕಾಣುವ ಮಸುಕು ಅದೇ. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ: ಆ ಪ್ರೋಗ್ರಾಮಿನ ಪಾಲಿಗೆ 1920×1080 ಪರದೆ ಈಗ ಬರೀ 1280×720. ಕೆಲವು ಹಳೆ ಪ್ರೋಗ್ರಾಂಗಳ ಉದ್ದದ ಡಯಲಾಗ್ ಪೆಟ್ಟಿಗೆಯಲ್ಲಿ ಓಕೆ ಬಟನ್ ಟಾಸ್ಕ್‌ಬಾರಿನ ಕೆಳಗೆ ಹೋಗಿ ಸೇರುವುದು ಇದಕ್ಕೇ.

ಸಿಎಸ್6ರ ಕತೆ ತಿರುಗುಮುರುಗು. 2012ರ ಆ ಪ್ರೋಗ್ರಾಂ ಡಿಪಿಐ ತನಗೆ ಗೊತ್ತು ಎನ್ನುವ ಸಾಲಿನದು, ಆದರೆ ತನ್ನ ಪ್ಯಾನೆಲ್‌ಗಳನ್ನು ಮಾತ್ರ ದೊಡ್ಡದು ಮಾಡುವುದಿಲ್ಲ. ವಿಂಡೋಸ್ ಮಾತು ನಂಬಿ ಸುಮ್ಮನಿರುತ್ತದೆ. ಮಾತು ಕೊಟ್ಟವರು ಬೇರೆ, ಕಣ್ಣು ಕಿರಿದು ಮಾಡಿ ನೋಡುವವರು ಬೇರೆ.

2013ರಲ್ಲಿ ವಿಂಡೋಸ್ 8.1 ಒಂದೊಂದು ಮಾನಿಟರಿಗೂ ಬೇರೆ ಡಿಪಿಐ ಇರಬಹುದೆಂದು ಒಪ್ಪಿಕೊಂಡಿತು. ಘೋಷಣೆಯಲ್ಲಿ ಮತ್ತೊಂದು ಮೆಟ್ಟಿಲು ಸೇರಿತು. ಹಳೆ ಪ್ರೋಗ್ರಾಂ ಇಟ್ಟುಕೊಂಡವರ ಕೈಗೆ ನಿಜವಾದ ಹಿಡಿತ ಸಿಕ್ಕಿದ್ದು 2017ರ ವಿಂಡೋಸ್ 10 ಆವೃತ್ತಿ 1703ರಲ್ಲಿ, ಅಂದರೆ ವಿಸ್ಟಾ ಬಂದು ಹತ್ತು ವರ್ಷದ ಮೇಲೆ. ಅದಕ್ಕೂ ಮೊದಲು ಇದ್ದದ್ದು ಹಿಗ್ಗಿಸಬೇಡ ಎನ್ನುವ ಒಂದೇ ಟಿಕ್. ಅದನ್ನು ಹಾಕಿದರೆ ಮಸುಕು ಹೋಗಿ ಸಾಸಿವೆ ಬರುತ್ತಿತ್ತು.

ಈಗಿನ ದಾರಿ ಹೀಗಿದೆ. ಪ್ರೋಗ್ರಾಂ ಮುಚ್ಚಿ, ಅದರ exe ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ Properties, ಅದರೊಳಗೆ Compatibility, ಮತ್ತೆ Change high DPI settings. ಕೆಳಗಿರುವ Override high DPI scaling behavior ಟಿಕ್ ಮಾಡಿದರೆ ಮೂರು ಆಯ್ಕೆ ತೆರೆದುಕೊಳ್ಳುತ್ತವೆ. Application ಎಂದರೆ ವಿಂಡೋಸ್ ಕೈ ಹಾಕುವುದಿಲ್ಲ. System ಎಂದರೆ ಪ್ರೋಗ್ರಾಂ ಏನೇ ಹೇಳಿಕೊಳ್ಳಲಿ, ಫೋಟೋದಂತೆ ಹಿಗ್ಗಿಸು. System (Enhanced) ಸ್ವಲ್ಪ ಜಾಣ: ಪ್ರೋಗ್ರಾಂ ವಿಂಡೋಸಿನ ಹಳೆ ಚಿತ್ರಣ ವ್ಯವಸ್ಥೆಯಾದ ಜಿಡಿಐ ಮೂಲಕ ಅಕ್ಷರ ಬರೆಸಿದರೆ, ಆ ಅಪ್ಪಣೆಯನ್ನು ನಡುವೆಯೇ ಹಿಡಿದು ದೊಡ್ಡ ಅಳತೆಯಲ್ಲೇ ಬರೆಯುತ್ತದೆ.

ಪೇಜ್‌ಮೇಕರಿನ ಕಾಲದ ಪ್ರೋಗ್ರಾಂಗಳಿಗೆ ಮೊದಲು ನೋಡಬೇಕಾದದ್ದು ಈ ಮೂರನೆಯದನ್ನೇ. ಮೆನು, ಡಯಲಾಗ್ ಪೆಟ್ಟಿಗೆಯ ಅಕ್ಷರ ಸ್ಫುಟವಾದರೆ ಅದು ಕೆಲಸ ಮಾಡಿದೆ ಎಂದರ್ಥ. ಟೂಲ್‌ಬಾರಿನ ಐಕಾನ್ ಮಾತ್ರ ಮಸುಕಾಗಿಯೇ ಉಳಿಯುತ್ತದೆ, ಅದು 16 ಪಿಕ್ಸೆಲ್ಲಿನ ಚಿತ್ರ, ಅದಕ್ಕಿಂತ ಹೆಚ್ಚಿನ ವಿವರ ಅದರಲ್ಲಿಲ್ಲ. ಪ್ರೋಗ್ರಾಂ ಪಿಕ್ಸೆಲ್‌ಗಳನ್ನು ತಾನೇ ಎಣಿಸಿ ಚಿತ್ರ ಕಟ್ಟುವ ಕಡೆಗಳಲ್ಲೂ ಇದು ಸಹಾಯಕ್ಕೆ ಬರುವುದಿಲ್ಲ. ಗೆರೆ, ಅಕ್ಷರ ಅಲ್ಲಲ್ಲಿ ಜಾಗ ತಪ್ಪಿ ಕಂಡರೆ System ಆಯ್ಕೆಗೆ ಹಿಂದಿರುಗುವುದೇ ವಾಸಿ.

ಸಿಎಸ್6ಗೆ System ಹಾಕಿದರೆ ಟೂಲ್‌ಗಳು ಕೈಗೆ ಸಿಗುವಷ್ಟು ದೊಡ್ಡದಾಗುತ್ತವೆ. ಆದರೆ ಹಿಗ್ಗುವುದು ಇಡೀ ಕಿಟಕಿ, ಒಳಗಿನ ಫೋಟೋ ಸಮೇತ. ಆಮೇಲೆ 100% ಝೂಮ್ ಎಂದರೂ ಫೋಟೋದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್ ಅಲ್ಲ. ಫ್ಲೆಕ್ಸ್ ಬ್ಯಾನರಿಗೆ ಚಿತ್ರ ಜೋಡಿಸುವವರಿಗೆ ಇದೇನೂ ನಷ್ಟವಲ್ಲ, ಆಲ್ಬಮ್ಮಿನ ಫೋಟೋ ಹದ ಮಾಡುವ ಸ್ಟುಡಿಯೋದವರಿಗೆ ಮಾತ್ರ ಶಾರ್ಪ್‌ನೆಸ್ ನೋಡುವ ಕಣ್ಣೇ ಮೋಸ ಹೋಗುತ್ತದೆ. ಅಂಥವರು ಆ ಕೆಲಸಕ್ಕೆ ಹಳೆ 96ರ ಮಾನಿಟರನ್ನು ಉಳಿಸಿಕೊಂಡರೆ ತಪ್ಪೇನಿಲ್ಲ.

ಆಯ್ಕೆ ಹಾಕಿದರೂ ಏನೂ ಬದಲಾಗದಿದ್ದರೆ, ಡೆಸ್ಕ್‌ಟಾಪಿನ ಶಾರ್ಟ್‌ಕಟ್ ತೆರೆಯುವುದು ನಿಜವಾದ ಪ್ರೋಗ್ರಾಮನ್ನಲ್ಲ, ಅದನ್ನು ಎಬ್ಬಿಸುವ ಇನ್ನೊಂದು ಚಿಕ್ಕ exe ಆಗಿರಬಹುದು. ಟಾಸ್ಕ್ ಮ್ಯಾನೇಜರಿನ Details ಪುಟದಲ್ಲಿ ಶೀರ್ಷಿಕೆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, Select columns ಮೂಲಕ DPI Awareness ಕಾಲಂ ಸೇರಿಸಿದರೆ ಯಾವ exe ಓಡುತ್ತಿದೆ, ಅದರ ಘೋಷಣೆ ಏನು ಎರಡೂ ಕಾಣುತ್ತವೆ. Unaware ಎಂದಿದ್ದರೆ ಮಸುಕಿಗೆ ಕಾರಣ ಸಿಕ್ಕಿತು.

ಆ ಕಾಲಂನಲ್ಲಿ System ಎಂದಿದ್ದೂ ಮಸುಕಾಗಿದ್ದರೆ ಎರಡನೇ ಮಾನಿಟರ್ ಕಡೆ ನೋಡಬೇಕು. ಅಂಥ ಪ್ರೋಗ್ರಾಂ ಸಾಮಾನ್ಯವಾಗಿ ನಾವು ಸೈನ್ ಇನ್ ಆದಾಗ ಮುಖ್ಯ ಪರದೆಯಲ್ಲಿದ್ದ ಡಿಪಿಐಯನ್ನೇ ಹಿಡಿದುಕೊಳ್ಳುತ್ತದೆ. ಮನೆಯಲ್ಲಿ 150%ರ ಲ್ಯಾಪ್‌ಟಾಪ್ ಪರದೆಯಲ್ಲಿ ಸೈನ್ ಇನ್ ಆಗಿ, ಮುಚ್ಚಳ ಮುಚ್ಚಿ, ಅಂಗಡಿಗೆ ಬಂದು 100%ರ ಮಾನಿಟರಿಗೆ ಸಿಕ್ಕಿಸಿದರೆ ಅದು ಹಳೆ ಲೆಕ್ಕದಲ್ಲೇ ಬಿಡಿಸುತ್ತದೆ, ವಿಂಡೋಸ್ ಅದನ್ನು ಕುಗ್ಗಿಸಿ ತೋರಿಸುತ್ತದೆ. ಇದಕ್ಕೆ ಯಾವ ಟಿಕ್ಕೂ ಬೇಡ. ಮಾನಿಟರ್ ಸಿಕ್ಕಿಸಿ ಅದನ್ನೇ ಮುಖ್ಯ ಪರದೆ ಮಾಡಿ, ಒಮ್ಮೆ ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದರೆ ಸಾಕು.