‘ಜೆಂಟಲ್ ರಿಮೈಂಡರ್’ ಬೇಡ, ಯಾವ ಗೇಟ್ ಎಂದು ಹೇಳಿ

ಸಭೆಯ ಹಿಂದಿನ ದಿನ ಸಂಜೆ ಆರರ ಸುಮಾರಿಗೆ ಕಚೇರಿಗಳಲ್ಲಿ ಒಂದು ಮೇಲ್ ಹರಿದಾಡುತ್ತದೆ. ‘ಜೆಂಟಲ್ ರಿಮೈಂಡರ್. ನಾಳೆ ಮಧ್ಯಾಹ್ನ 2.30ಕ್ಕೆ ಸಭೆ ಇದೆ. ಎಲ್ಲರೂ ತಪ್ಪದೆ ಹಾಜರಿರಬೇಕಾಗಿ ವಿನಂತಿ.’ ಇದರಲ್ಲಿ ಓದುವವರಿಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಸಭೆಯ ಸಮಯ ಆಗಲೇ ಅವರ ಕ್ಯಾಲೆಂಡರಿನಲ್ಲಿದೆ. ಔಟ್‌ಲುಕ್‌ನಲ್ಲಿ ಯಾರೂ ಏನೂ ಬದಲಿಸದಿದ್ದರೆ ಹದಿನೈದು ನಿಮಿಷ ಮೊದಲು ಅದೇ ಎಚ್ಚರಿಸುತ್ತದೆ. ಹೀಗಿರುವಾಗ ಆ ಮೇಲ್‌ನಿಂದ ಓದುವವರಿಗೆ ಸಿಗುವುದು ಒಂದೇ: ‘ನೀವು ಮರೆಯುತ್ತೀರಿ ಅಂತ ನನಗೆ ಅನುಮಾನ.’

ಇದನ್ನು ಹೇಳಿದಾಗ ಬಹಳಷ್ಟು ಜನ ಮಾತನ್ನು ಇನ್ನಷ್ಟು ಮೃದು ಮಾಡುತ್ತಾರೆ. ‘ಕೈಂಡ್ ರಿಮೈಂಡರ್’ ಎಂದು ಬದಲಿಸುತ್ತಾರೆ, ಕೊನೆಗೆ ಕೈಮುಗಿದ ಚಿತ್ರ ಹಾಕುತ್ತಾರೆ. ಕಾಟ ಅನ್ನಿಸುವುದು ಮಾತು ಒರಟಾಗಿರುವುದರಿಂದಲ್ಲ. ಗೊತ್ತಿರುವುದನ್ನೇ ಎರಡನೇ ಸಲ ಓದಿಸುವುದರಿಂದ. ಎಷ್ಟು ಸಕ್ಕರೆ ಸುರಿದರೂ ಆ ಮೇಲ್ ಖಾಲಿಯೇ. ಅದೇ ಮೇಲ್‌ನಲ್ಲಿ ‘ಮುಂದಿನ ಗೇಟ್ ಮುಚ್ಚಿದೆ, ಹಿಂದಿನಿಂದ ಬನ್ನಿ’ ಎಂಬ ಒಂದು ಸಾಲಿದ್ದರೆ, ‘ದಯವಿಟ್ಟು’ ಇಲ್ಲದಿದ್ದರೂ ಜನ ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳುತ್ತಾರೆ. ಹಾಗಾಗಿ ಬರೆಯಲು ಕೂರುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಆಹ್ವಾನ ಕಳಿಸಿದ ದಿನ ನನಗೆ ಗೊತ್ತಿರದೆ, ಈಗ ಗೊತ್ತಾಗಿರುವುದು ಏನು? ಅದಕ್ಕೆ ಉತ್ತರವಿಲ್ಲದಿದ್ದರೆ ಮೇಲ್ ಕಳಿಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಸಭೆಯನ್ನೇ ಉದಾಹರಣೆಯಾಗಿ ನೋಡೋಣ. ಪೀಣ್ಯದ ಒಂದು ಸಣ್ಣ ಕಾರ್ಖಾನೆ ಜರ್ಮನಿಯಿಂದ ಸಿಎನ್‌ಸಿ ಮೆಷಿನ್ ತರಿಸುತ್ತಿದೆ ಎಂದುಕೊಳ್ಳಿ. ಮೆಷಿನ್ ಮಾರುವ ಕಂಪನಿಯ ಬೆಂಗಳೂರು ಕಚೇರಿಯಿಂದ ಇಬ್ಬರು ಇಂಜಿನಿಯರುಗಳು ಕಾರ್ಖಾನೆಗೆ ಹೋಗಬೇಕು, ಜರ್ಮನಿಯಿಂದ ಒಬ್ಬರು ವಿಡಿಯೊದಲ್ಲಿ ಸೇರಬೇಕು, ಕಾರ್ಖಾನೆಯ ಕಡೆಯಿಂದ ಮಾಲೀಕರು, ಪ್ರೊಡಕ್ಷನ್ ಮ್ಯಾನೇಜರ್ ಮತ್ತು ಎಲೆಕ್ಟ್ರಿಕಲ್ ಇಂಜಿನಿಯರ್ ಇರುತ್ತಾರೆ. ದಿನಾಂಕ 2026ರ ಅಕ್ಟೋಬರ್ 28, ಬುಧವಾರ. ಮೇಲ್ ಕಳಿಸುವುದು ಬೆಂಗಳೂರು ಕಚೇರಿಯ ಸಂಯೋಜಕರ ಕೆಲಸ.

ಆ ಮೇಲ್‌ನ ಕೆಲಸ ಮಂಗಳವಾರ ಬರೆಯುವಾಗ ಶುರುವಾಗುವುದಿಲ್ಲ, ಸೋಮವಾರವೇ ಕಾರ್ಖಾನೆಗೆ ಒಂದು ಫೋನ್ ಮಾಡಿದಾಗ ಶುರುವಾಗುತ್ತದೆ. ಹತ್ತು ನಿಮಿಷದ ಮಾತು ಸಾಕು. ಆದರೆ ಅದನ್ನು ಮಾಲೀಕರ ಹತ್ತಿರ ಆಡಬೇಡಿ, ಅಡ್ಮಿನ್ ಅಥವಾ ಸೆಕ್ಯುರಿಟಿಯವರ ಹತ್ತಿರ ಆಡಿ. ಸಂದರ್ಶಕರು ಯಾವ ಗೇಟಿನಿಂದ ಬರಬೇಕು, ಕಾರು ಒಳಗೆ ಬಿಡುತ್ತಾರೆಯೇ, ಗೇಟಿನಲ್ಲಿ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಬರೆಸಬೇಕೇ, ಗುರುತಿನ ಚೀಟಿ ಮೂಲಪ್ರತಿಯೇ ಬೇಕೇ ಅಥವಾ ಮೊಬೈಲಿನಲ್ಲಿ ತೋರಿಸಿದರೆ ಸಾಕೇ, ಶಾಪ್ ಫ್ಲೋರ್‌ಗೆ ಇಳಿಯಲು ಸೇಫ್ಟಿ ಶೂ ಅವರೇ ಕೊಡುತ್ತಾರೆಯೇ ಎಂದು ಕೇಳಿ. ಸಭೆಗೆ ಜನ ತಡವಾಗಿ ತಲುಪುವುದು ಮರೆವಿನಿಂದ ಕಡಿಮೆ, ಗೇಟಿನಲ್ಲಿ ನಿಲ್ಲುವುದರಿಂದ ಹೆಚ್ಚು. ಪೀಣ್ಯದಲ್ಲಂತೂ ಕ್ರಾಸ್ ನಂಬರ್ ಒಂದನ್ನೇ ನಂಬಿದರೆ ಬೇರೆ ಹಂತದ ಅದೇ ನಂಬರಿನ ಕ್ರಾಸ್‌ಗೆ ಹೋಗಿ ನಿಲ್ಲಬೇಕಾದೀತು. ಮ್ಯಾಪ್‌ನ ಗುರುತನ್ನೂ ಕಣ್ಣುಮುಚ್ಚಿ ಕಳಿಸಬೇಡಿ. ಅದು ಸಂದರ್ಶಕರ ಗೇಟಿನ ಬದಲು ಲಾರಿಗಳು ಒಳಹೋಗುವ ಗೇಟಿಗೋ ಪಕ್ಕದ ಕಟ್ಟಡಕ್ಕೋ ಕರೆದೊಯ್ಯಬಹುದು. ಸರಿಯಾದ ಗುರುತನ್ನು ಅಲ್ಲಿಯವರಿಂದಲೇ ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಿ.

ಈ ತಾರೀಖಿಗೆ ಇನ್ನೊಂದು ತೊಡಕಿದೆ. ಬೇಸಿಗೆಯಲ್ಲಿ ಜರ್ಮನಿಗೂ ನಮಗೂ ಮೂರೂವರೆ ಗಂಟೆ ಅಂತರ. ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಆಮೇಲೆ ಅಂತರ ನಾಲ್ಕೂವರೆ ಗಂಟೆ. 2026ರಲ್ಲಿ ಆ ಭಾನುವಾರ ಅಕ್ಟೋಬರ್ 25, ಅಂದರೆ ಸಭೆಗೆ ಮೂರು ದಿನ ಮೊದಲು. ಅದಕ್ಕೆ ಮೊದಲಿನ ಸಭೆಗಳಲ್ಲಿ ನಮ್ಮ 2.30 ಅವರಿಗೆ ಬೆಳಗ್ಗೆ 11 ಆಗಿತ್ತು, ಈಗ 10 ಆಗುತ್ತದೆ. ಪ್ರತಿ ವಾರದ ಸಭೆಯ ಆಹ್ವಾನವನ್ನು ಬೆಂಗಳೂರಿನವರು ಮಾಡಿದ್ದರೆ ಅದು ನಮ್ಮ ಗಡಿಯಾರಕ್ಕೆ ಅಂಟಿಕೊಳ್ಳುತ್ತದೆ, ಜರ್ಮನಿಯವರು ಒಂದು ಗಂಟೆ ಮುಂಚೆ ಕೂರಬೇಕಾಗುತ್ತದೆ. ಅವರು ಮಾಡಿದ್ದರೆ ಅವರ 11 ಗಂಟೆಗೆ ಅಂಟಿಕೊಂಡು, ನಮ್ಮ ಕ್ಯಾಲೆಂಡರಿನಲ್ಲಿ ಸಭೆ ಸದ್ದಿಲ್ಲದೆ 3.30ಕ್ಕೆ ಜಾರುತ್ತದೆ. ಆದ್ದರಿಂದ ಎರಡೂ ಊರಿನ ಸಮಯವನ್ನು ಅಂಕಿಯಲ್ಲೇ ಬರೆಯಬೇಕು. ‘ಎಂದಿನ ಸಮಯ’ ಎಂದು ಬರೆದರೆ ಇಬ್ಬರೂ ತಮ್ಮ ತಮ್ಮ ಸಮಯಕ್ಕೆ ಬಂದು ಇನ್ನೊಬ್ಬರಿಗಾಗಿ ಕಾಯುತ್ತಾರೆ.

ಇಷ್ಟು ಕೈಯಲ್ಲಿದ್ದರೆ ಮೇಲ್ ತಾನಾಗಿ ರೂಪುಗೊಳ್ಳುತ್ತದೆ. ನೀವು ಇಂಗ್ಲಿಷಿನಲ್ಲೇ ಬರೆಯುವವರಾಗಿದ್ದರೂ ಕ್ರಮ ಇದೇ ಇರಲಿ.

ವಿಷಯ: ಬುಧ 28, ಮ. 2.30, ಪೀಣ್ಯ: ಮೆಷಿನ್ ಅಳವಡಿಕೆ

ಎಲ್ಲರಿಗೂ ನಮಸ್ಕಾರ.

ನಾಳೆ ಎರಡು ವಿಷಯ ತೀರ್ಮಾನವಾಗಬೇಕು: ಫೌಂಡೇಶನ್ ಕೆಲಸ ಯಾವ ವಾರ ಮುಗಿಯುತ್ತದೆ, ಮತ್ತು ಹೊಸ ಪವರ್ ಪ್ಯಾನೆಲ್ ಯಾರ ಲೆಕ್ಕಕ್ಕೆ ಬರುತ್ತದೆ. ಸಭೆ 2.30ರಿಂದ 3.45ರವರೆಗೆ. ಕೊನೆಯ ಇಪ್ಪತ್ತು ನಿಮಿಷ ಶಾಪ್ ಫ್ಲೋರ್‌ನಲ್ಲಿ ಜಾಗ ನೋಡುತ್ತೇವೆ.

ಕಾರ್ಖಾನೆಗೆ ಬರುವವರು: ಮುಂದಿನ ಗೇಟ್ ಎದುರು ರಸ್ತೆ ಅಗೆದಿದ್ದಾರೆ, ಎರಡನೇ ಗೇಟಿಗೆ ಬನ್ನಿ. ಮ್ಯಾಪ್ ಕೊಂಡಿ ಕೆಳಗಿದೆ. ಗುರುತಿನ ಚೀಟಿಯ ಮೂಲಪ್ರತಿ ತನ್ನಿ. ಲ್ಯಾಪ್‌ಟಾಪ್ ನೋಂದಣಿಗೆ ಹತ್ತು ನಿಮಿಷ ಬೇಕು, 2.15ಕ್ಕೆ ಗೇಟಿನಲ್ಲಿದ್ದರೆ ಒಳ್ಳೆಯದು. ಸೇಫ್ಟಿ ಶೂ ಅಲ್ಲೇ ಕೊಡುತ್ತಾರೆ. ಮೆಟ್ರೊದಲ್ಲಿ ಬಂದರೆ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ.

ಜರ್ಮನಿಯಿಂದ ಸೇರುವವರು: ನಿಮಗೆ ಬೆಳಗ್ಗೆ 10.00 (ಭಾನುವಾರ ಗಡಿಯಾರ ಬದಲಾಗಿದೆ). ವಿಡಿಯೊ ಕೊಂಡಿ ಹಳೆಯದೇ, ಕೆಳಗೆ ಮತ್ತೆ ಕೊಟ್ಟಿದ್ದೇನೆ.

ಓದಲು: ಅಳವಡಿಕೆ ದಾಖಲೆಯ 42 ಪುಟಗಳಲ್ಲಿ ನಾಳೆಗೆ ಬೇಕಿರುವುದು ಪುಟ 3 ಮತ್ತು 11 ಮಾತ್ರ.

ಕಾರ್ಖಾನೆಯ ಎಲೆಕ್ಟ್ರಿಕಲ್ ಇಂಜಿನಿಯರ್ ಅವರಲ್ಲಿ ವಿನಂತಿ: ಈಗಿರುವ ಮಂಜೂರಾದ ಲೋಡ್ ಎಷ್ಟು ಕಿಲೊವ್ಯಾಟ್ ಎಂದು ವಿದ್ಯುತ್ ಬಿಲ್ ನೋಡಿ ತಿಳಿಸಿ. ಉಳಿದವರು ಉತ್ತರಿಸಬೇಕಾಗಿಲ್ಲ.

ದಾರಿ ತಪ್ಪಿದರೆ ಕರೆ ಮಾಡಬೇಕಾದ ನಂಬರ್ ಕೆಳಗಿದೆ.

ಇಲ್ಲಿ ‘ಮರೆಯಬೇಡಿ’ ಎಂಬ ಮಾತೇ ಇಲ್ಲ. ಆದರೂ ಓದಿದವರಿಗೆ ಸಭೆ ನೆನಪಾಗಿಯೇ ಆಗುತ್ತದೆ. ವಿಷಯದ ಸಾಲಿನಲ್ಲಿ ದಿನ, ಸಮಯ, ಜಾಗ ಮೊದಲು ಬಂದಿರುವುದಕ್ಕೆ ಕಾರಣವಿದೆ. ಫೋನಿನ ಪರದೆಯಲ್ಲಿ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ‘ಜೆಂಟಲ್ ರಿಮೈಂಡರ್ ಫಾರ್ ದ ಮೀಟಿಂಗ್’ ಎಂದು ಶುರು ಮಾಡಿದರೆ ಕಾಣುವ ಭಾಗವೆಲ್ಲ ಅದಕ್ಕೇ ಖರ್ಚಾಗುತ್ತದೆ.

ತೀರ್ಮಾನದ ಸಾಲು ಎಲ್ಲಕ್ಕಿಂತ ಮೇಲಿರಬೇಕು, ಏಕೆಂದರೆ ಸಭೆಗೆ ತಯಾರಾಗಿ ಬರುವಂತೆ ಮಾಡುವುದು ಅದೇ. ‘ಅಳವಡಿಕೆ ಕುರಿತು ಚರ್ಚೆ’ ಎಂದು ಓದಿದ ಮಾಲೀಕರು ಬರಿಗೈಯಲ್ಲಿ ಬಂದು ಕೂರುತ್ತಾರೆ. ‘ಪ್ಯಾನೆಲ್ ಯಾರ ಲೆಕ್ಕಕ್ಕೆ’ ಎಂದು ಓದಿದವರು ರಾತ್ರಿಯೇ ಪರ್ಚೇಸ್ ಆರ್ಡರ್ ತೆಗೆದು ನೋಡುತ್ತಾರೆ. ಪುಟದ ನಂಬರ್ ಕೊಡುವುದೂ ಇದೇ ಜಾತಿಯ ಉಪಕಾರ. ನಲವತ್ತೆರಡು ಪುಟ ಓದಿ ಬನ್ನಿ ಎಂದರೆ ಯಾರೂ ಓದುವುದಿಲ್ಲ, ಎರಡು ಪುಟ ಎಂದರೆ ಕ್ಯಾಬಿನಲ್ಲಿ ಕೂತು ಓದುತ್ತಾರೆ.

ಎಲ್ಲರಿಂದಲೂ ‘ಕನ್ಫರ್ಮ್ ಮಾಡಿ’ ಎಂದು ಕೇಳುವ ಚಾಳಿ ಬಿಡಿ. ಆರು ಜನ ‘ರಿಪ್ಲೈ ಆಲ್’ ಒತ್ತಿ ‘ನೋಟೆಡ್’ ಎಂದು ಬರೆದರೆ, ನಿಜವಾಗಿ ಬೇಕಿದ್ದ ಲೋಡ್‌ನ ಅಂಕಿ ಆ ರಾಶಿಯಲ್ಲಿ ಮುಳುಗುತ್ತದೆ. ಬೇಕಾದವರೊಬ್ಬರಿಂದ ಬೇಕಾದದ್ದೊಂದನ್ನೇ ಕೇಳಿ. ಇನ್ನು, ಬರುವವರ ಮೇಲಧಿಕಾರಿಯನ್ನು ಸಿಸಿಯಲ್ಲಿ ಸೇರಿಸಿದ ಕ್ಷಣ ಅದು ದೂರಿನ ಪತ್ರವಾಗುತ್ತದೆ, ಒಳಗೆ ಎಷ್ಟೇ ಒಳ್ಳೆಯ ಮಾಹಿತಿ ಇದ್ದರೂ.

ಹಳೆಯ ಮೇಲ್ ಸರಪಳಿಗೇ ‘ರಿಪ್ಲೈ ಆಲ್’ ಮಾಡಿ ಕಳಿಸುವುದು ಸುಲಭ, ಆದರೆ ಅಪಾಯ. ಸರಪಳಿಯ ಕೆಳಗೆ ನಮ್ಮವರೇ ಮಾತಾಡಿಕೊಂಡ ಬೆಲೆ ಇರಬಹುದು, ಗ್ರಾಹಕರ ಬಗ್ಗೆ ಯಾರೋ ಬರೆದ ಕೊಂಕು ಇರಬಹುದು. ಮಧ್ಯದಲ್ಲಿ ಸೇರಿದ ಹೊಸಬರ ಹೆಸರು ಆ ಪಟ್ಟಿಯಲ್ಲಿ ಇರುವುದೂ ಇಲ್ಲ. ಹೊಸ ಮೇಲ್ ತೆರೆದು, ಕೊಂಡಿಗಳನ್ನೆಲ್ಲ ಮತ್ತೆ ಹಾಕಿ. ದಾಖಲೆ ಗೂಗಲ್ ಡ್ರೈವ್‌ನಲ್ಲಿದ್ದರೆ ಕಳಿಸುವ ಮೊದಲು ಅದರ ಕೊಂಡಿಯನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ. ಲಾಗಿನ್ ಆಗಿ ಎಂದೋ ಅನುಮತಿ ಬೇಕು ಎಂದೋ ಹೇಳುವ ಪುಟ ಬಂದರೆ ಹೊರಗಿನವರು ಅದನ್ನು ನೇರವಾಗಿ ತೆರೆಯಲಾರರು ಎಂದರ್ಥ. ಅವರ ಅನುಮತಿ ಕೋರಿಕೆ ರಾತ್ರಿ ಹತ್ತಕ್ಕೆ ಬರುತ್ತದೆ, ನೀವು ನೋಡುವುದು ಮರುದಿನ ಬೆಳಗ್ಗೆ. ಗೋಪ್ಯ ದಾಖಲೆಯನ್ನು ಎಲ್ಲರಿಗೂ ತೆರೆದಿಡುವ ಬದಲು, ಬರುವವರ ಮೇಲ್ ವಿಳಾಸಗಳಿಗೆ ಮಾತ್ರ ಅನುಮತಿ ಕೊಡಿ, ಇಲ್ಲವೇ ಆ ಎರಡು ಪುಟಗಳನ್ನಷ್ಟೇ ಪಿಡಿಎಫ್ ಮಾಡಿ ಲಗತ್ತಿಸಿ.

ಕಳಿಸುವ ಹೊತ್ತು ಹಿಂದಿನ ದಿನದ ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ಒಳಗೆ ಇರಲಿ. ಸಂಜೆ ಆರಕ್ಕೆ ಕಳಿಸಿದರೆ ವಿದ್ಯುತ್ ಬಿಲ್ ಇರುವ ಅಕೌಂಟ್ಸ್‌ನವರು ಮನೆಗೆ ಹೋಗಿರುತ್ತಾರೆ. ಹಿಂದಿನ ದಿನ ಅಂದರೆ ಹಿಂದಿನ ಕೆಲಸದ ದಿನ: ಸೋಮವಾರದ ಸಭೆಗೆ ಶುಕ್ರವಾರ. ಶನಿವಾರ ಕೆಲಸವಿದೆ ಎಂದು ನೆಚ್ಚಬೇಡಿ. ಬ್ಯಾಂಕುಗಳಿಗೂ ನಮ್ಮ ರಾಜ್ಯ ಸರ್ಕಾರಿ ಕಚೇರಿಗಳಿಗೂ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಐಟಿ ಕಂಪನಿಗಳಲ್ಲಿ ಹೆಚ್ಚಿನವು ಯಾವ ಶನಿವಾರವೂ ತೆರೆದಿರುವುದಿಲ್ಲ.

ಸಭೆಯ ಸಮಯ ಅಥವಾ ಜಾಗವೇ ಬದಲಾಗಿದ್ದರೆ ಅದನ್ನು ಈ ಮೇಲ್‌ನೊಳಗೆ ಸೇರಿಸಿ ಕಳಿಸಬೇಡಿ. ನೆನಪಿನ ಓಲೆ ಎಂದು ಅಂದಾಜು ಮಾಡಿದವರು ಅದನ್ನು ಅರ್ಧ ಕಣ್ಣಿನಲ್ಲಿ ಓದುತ್ತಾರೆ, ಬದಲಾವಣೆ ಕಣ್ತಪ್ಪುತ್ತದೆ. ಮೊದಲು ಕ್ಯಾಲೆಂಡರಿನ ಆಹ್ವಾನವನ್ನು ತಿದ್ದಿ, ಏಕೆಂದರೆ ಜನ ಅಂದು ನಂಬುವುದು ಫೋನಿನ ಕ್ಯಾಲೆಂಡರನ್ನೇ. ‘ಜಾಗ ಬದಲಾಗಿದೆ’ ಎಂಬ ವಿಷಯದ ಸಾಲಿನಲ್ಲಿ ಪ್ರತ್ಯೇಕ ಮೇಲ್ ಕಳಿಸಿ, ದೂರದಿಂದ ಬರುವವರಿಗೆ ಫೋನನ್ನೂ ಮಾಡಿ.

ಎಲ್ಲ ಸಭೆಗೂ ಇಷ್ಟು ಬೇಕಿಲ್ಲ. ಪಕ್ಕದ ಮೇಜಿನವರೊಡನೆ ವಾರಕ್ಕೊಮ್ಮೆ ಕೂರುವುದಕ್ಕೆ ಹಿಂದಿನ ದಿನದ ಮೇಲ್ ಬೇಡವೇ ಬೇಡ. ಸಿಬ್ಬಂದಿಯ ಶಿಸ್ತು ಕ್ರಮ, ಕಾನೂನು ತಕರಾರು, ಬೆಲೆಯ ಚೌಕಾಶಿ ಇರುವ ಸಭೆಗಳಿಗೆ ಜಾಗ ಮತ್ತು ಸಮಯ ಬಿಟ್ಟು ಬೇರೇನನ್ನೂ ಬರೆಯದಿರುವುದು ಕ್ಷೇಮ, ಏಕೆಂದರೆ ಮೇಲ್ ಯಾರಿಗೆ ಫಾರ್ವರ್ಡ್ ಆಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅನುಮಾನವಿದ್ದರೆ ತೀರ್ಮಾನದ ಸಾಲನ್ನು ಫೋನಿನಲ್ಲಿ ಹೇಳಿ.

ಕೊನೆಯಲ್ಲಿ ಕೊಡುವ ಫೋನ್ ನಂಬರನ್ನೂ ಯೋಚಿಸಿ ಕೊಡಿ. ಸಾಮಾನ್ಯವಾಗಿ ಅಲ್ಲಿ ಮೇಲ್ ಬರೆದವರ ನಂಬರೇ ಇರುತ್ತದೆ. ಅವರು 2.20ಕ್ಕೆ ಸಭೆಯ ಕೊಠಡಿಯಲ್ಲಿ ಪ್ರೊಜೆಕ್ಟರ್ ಜೋಡಿಸುತ್ತಿರುತ್ತಾರೆ, ಫೋನ್ ಸೈಲೆಂಟ್ ಆಗಿರುತ್ತದೆ. ಆ ಹೊತ್ತಿಗೆ ಗೇಟಿನ ಬಳಿಯೇ ಇದ್ದು ಕರೆ ಎತ್ತುವ ಅಡ್ಮಿನ್ ಅಥವಾ ಸೆಕ್ಯುರಿಟಿಯವರ ನಂಬರನ್ನು ಅವರ ಒಪ್ಪಿಗೆ ಪಡೆದು ಹಾಕಿ, ಬರುವವರ ಹೆಸರುಗಳನ್ನು ಅವರಿಗೆ ಮಂಗಳವಾರವೇ ಕೊಟ್ಟಿರಿ.