‘ಪಾರದರ್ಶಕ ಆಡಳಿತ ಕೊಡುತ್ತೇನೆ’: ವಿದ್ಯಾರ್ಥಿ ಸಂಘದ ಚುನಾವಣಾ ಭಾಷಣದ ಹಿನ್ನೆಲೆ

ಕಾಲೇಜು ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಯಾರೇ ನಿಂತರೂ ಭಾಷಣದಲ್ಲಿ ‘ನ್ಯಾಯ’ ಮತ್ತು ‘ಪಾರದರ್ಶಕತೆ’ ಇದ್ದೇ ಇರುತ್ತವೆ. ಎದುರಾಳಿಯ ಭಾಷಣದಲ್ಲೂ ಅವೇ. ಹಾಗಾದರೆ ಮತ ಹಾಕುವವರು ಏನು ನೋಡಿ ಆರಿಸಬೇಕು?

ಮಧ್ಯಯುಗದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥನನ್ನು ವಿದ್ಯಾರ್ಥಿಗಳೇ ಆರಿಸುತ್ತಿದ್ದರು. ಪಾಠ ತಡವಾಗಿ ಶುರು ಮಾಡಿದ ಅಧ್ಯಾಪಕರಿಗೆ ದಂಡವೂ ಬೀಳುತ್ತಿತ್ತು. ಆ ಅಧಿಕಾರ ಮುಂದೆ ವಿದ್ಯಾರ್ಥಿಗಳ ಕೈತಪ್ಪಿತು. 1884ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ವಿದ್ಯಾರ್ಥಿ ಪ್ರತಿನಿಧಿ ಮಂಡಳಿ ಹುಟ್ಟುವ ಹೊತ್ತಿಗೆ ನಾಯಕನ ಕೆಲಸ ಆಳುವುದಾಗಿರಲಿಲ್ಲ, ಅಹವಾಲು ಮುಟ್ಟಿಸುವುದಾಗಿತ್ತು. 1960ರ ದಶಕದ ಚಳವಳಿಗಳ ನಂತರ ಹಲವೆಡೆ ಆಡಳಿತ ಸಮಿತಿಗಳಲ್ಲಿ ವಿದ್ಯಾರ್ಥಿಗಳಿಗೆ ಕುರ್ಚಿ ಸಿಕ್ಕಿತು.

ಇಂದು ಅನೇಕ ಸಂಘಗಳ ಕೈಯಲ್ಲಿ ನಿಜವಾಗಿ ಉಳಿದಿರುವುದು ಒಂದೇ: ಚಟುವಟಿಕೆ ನಿಧಿಯ ಹಂಚಿಕೆ. ಭಾಷಣದ ಭರವಸೆ ಪರೀಕ್ಷೆಗೆ ಬೀಳುವುದೂ ಅಲ್ಲಿಯೇ.

ಒಂದು ಸಂದರ್ಭ ಊಹಿಸಿಕೊಳ್ಳಿ. ನಿಧಿಯಲ್ಲಿರುವುದು ನೂರು ಪಾಲು, ಕೂಟಗಳು ಕೇಳಿರುವುದು ನೂರ ಅರವತ್ತು. ಅಧ್ಯಕ್ಷೆ ನಾಟಕ ತಂಡದ ಸದಸ್ಯೆ. ನಾಟಕಕ್ಕೆ ಇಪ್ಪತ್ತೈದು, ಚರ್ಚಾ ಕೂಟಕ್ಕೆ ಐದು ಎಂದು ತೀರ್ಮಾನವಾಗುತ್ತದೆ. ನಡಾವಳಿ ಪುಸ್ತಕದಲ್ಲಿ ಒಂದೇ ಸಾಲು: ‘ಚರ್ಚಿಸಿ ತೀರ್ಮಾನಿಸಲಾಯಿತು.’ ಹಂಚಿಕೆ ಸರಿಯೇ ಇದ್ದಿರಬಹುದು. ಆದರೆ ಆ ಸಾಲನ್ನು ಓದಿದವರಿಗೆ ಅದು ಸರಿಯೋ ತಪ್ಪೋ ತಿಳಿಯುವುದಿಲ್ಲ. ಅನುಮಾನ ಹುಟ್ಟುವುದು ಹೀಗೆಯೇ, ಅದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ.

ಇದನ್ನು ಅರಿತ ಅಭ್ಯರ್ಥಿಯ ಮಾತು ಬೇರೆ ರೀತಿ ಇರುತ್ತದೆ. ‘ಅರ್ಜಿ ಕರೆಯುವ ಮೊದಲೇ ಹಂಚಿಕೆಯ ಮಾನದಂಡ ಪ್ರಕಟಿಸುತ್ತೇನೆ. ನನ್ನ ತಂಡದ ವಿಷಯ ಬಂದಾಗ ಉಪಾಧ್ಯಕ್ಷರಿಗೆ ಪೀಠ ಬಿಟ್ಟು ಹೊರಗೆ ಹೋಗುತ್ತೇನೆ, ಅದೂ ನಡಾವಳಿಯಲ್ಲಿ ದಾಖಲಾಗುತ್ತದೆ. ಯಾರು ಎಷ್ಟು ಕೇಳಿದರು, ಎಷ್ಟು ಸಿಕ್ಕಿತು, ಕಡಿತ ಏಕೆ ಎಂಬ ಪಟ್ಟಿ ಒಂದು ವಾರದೊಳಗೆ ಸೂಚನಾ ಫಲಕದಲ್ಲಿ ಇರುತ್ತದೆ.’ ಚಪ್ಪಾಳೆ ಕಡಿಮೆ ಬೀಳುವ ಮಾತುಗಳಿವು, ಒಪ್ಪಿಕೊಳ್ಳೋಣ. ಆದರೆ ವಾರ ಕಳೆದ ಮೇಲೆ ಫಲಕ ಖಾಲಿ ಇದ್ದರೆ ಭರವಸೆ ಮುರಿದದ್ದು ಮೊದಲ ವರ್ಷದ ವಿದ್ಯಾರ್ಥಿಗೂ ಕಾಣುತ್ತದೆ.

ಎಲ್ಲವನ್ನೂ ತೆರೆದಿಡುತ್ತೇನೆ ಎನ್ನುವುದೂ ಆಗದ ಮಾತು. ಕಿರುಕುಳದ ದೂರು ಕೊಟ್ಟವರ ಹೆಸರು ಗೋಪ್ಯವಾಗಿಯೇ ಇರಬೇಕು. ಹಣ ಬಿಡುಗಡೆಗೆ ಸಾಮಾನ್ಯವಾಗಿ ಸಲಹೆಗಾರ ಅಧ್ಯಾಪಕರ ಸಹಿಯೂ ಬೇಕು, ಅದು ಅಧ್ಯಕ್ಷರ ಕೈಯಲ್ಲಿಲ್ಲ. ಈ ಮಿತಿಯನ್ನು ವೇದಿಕೆಯಲ್ಲೇ ಹೇಳುವವರು ವಿರಳ, ಹೇಳಿದವರಿಗೆ ಮತ ಕಡಿಮೆಯಾಗುವ ಭಯ ಸಹಜವೇ.

ಪ್ರಶ್ನೋತ್ತರದ ಅವಕಾಶವಿದ್ದರೆ ಕೇಳಬೇಕಾದದ್ದು ಲೆಕ್ಕದ ದಿನಾಂಕ. ವರ್ಷದ ಕೊನೆಯಲ್ಲಷ್ಟೇ ಮಂಡಿಸುವ ಲೆಕ್ಕವನ್ನು ಯಾರೂ ಪ್ರಶ್ನಿಸಲಾರರು: ಅಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ, ಸಂಘ ವಿಸರ್ಜನೆಯಾಗಿರುತ್ತದೆ. ವರ್ಷದ ನಡುವೆ ಒಮ್ಮೆ ಮಂಡಿಸಿದರೆ ಉಳಿದ ಹಣದ ಬಗ್ಗೆಯಾದರೂ ಸಭೆ ಮಾತನಾಡಬಹುದು.